ಹಳೆಯ ಉತ್ತರವನ್ನು ತಿರುಗಿಸಿ ಹೊಸ ಉತ್ತರ: ರೇಖಾತ್ಮಕ ಮುನ್ಸೂಚನೆಯ ಗುಣಾಂಕಗಳನ್ನು ದರ್ಜೆ ಏರಿಸುತ್ತಾ ಕಂಡುಹಿಡಿಯುವುದು

ಸಮಾನ ಕಾಲಾಂತರದಲ್ಲಿ ಅಳೆದ ಸಂಖ್ಯೆಗಳ ಸಾಲೊಂದು ನಮ್ಮ ಮುಂದಿದೆ ಎಂದುಕೊಳ್ಳೋಣ. ಹಿಂದಿನ ಕೆಲವು ಸಂಖ್ಯೆಗಳನ್ನು ಒಂದೊಂದು ಗುಣಾಂಕದಿಂದ ಗುಣಿಸಿ ಕೂಡಿಸಿ, ಮುಂದಿನ ಸಂಖ್ಯೆ ಎಷ್ಟಿರಬಹುದೆಂದು ಹೇಳುವುದೇ ರೇಖಾತ್ಮಕ ಮುನ್ಸೂಚನೆ. ಹಿಂದಿನ ಒಂದೇ ಸಂಖ್ಯೆಯನ್ನು ಬಳಸಿದರೆ ಅದು ಒಂದನೇ ದರ್ಜೆಯ ಮುನ್ಸೂಚನೆ, ಎರಡನ್ನು ಬಳಸಿದರೆ ಎರಡನೇ ದರ್ಜೆಯದು. ಮೊಬೈಲ್ ಫೋನಿನಲ್ಲಿ ನಮ್ಮ ಮಾತು ಸಾಗುವುದು ಈ ಬಗೆಯ ಲೆಕ್ಕದ ಮೇಲೆ. ಜಿಎಸ್ಎಂನ ಮೊದಲ ಧ್ವನಿ ಸಂಕೇತೀಕರಣ ಪದ್ಧತಿ ಮಾತನ್ನು 20 ಮಿಲಿಸೆಕೆಂಡಿನ ತುಂಡುಗಳಾಗಿ, ಅಂದರೆ ತಲಾ 160 ಸಂಖ್ಯೆಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ 8ನೇ ದರ್ಜೆಯ ಮುನ್ಸೂಚನೆ ಮಾಡುತ್ತದೆ.

ಈ ಗುಣಾಂಕಗಳನ್ನು ಕಂಡುಹಿಡಿಯಲು ಒಂದು ಸುಂದರ ವಿಧಾನವಿದೆ. ಅದರ ಮೂಲರೂಪವನ್ನು ನಾರ್ಮನ್ ಲೆವಿನ್ಸನ್ 1947ರಲ್ಲಿ ಪ್ರಕಟಿಸಿದರು. 1960ರಲ್ಲಿ ಜೇಮ್ಸ್ ಡರ್ಬಿನ್ ಅದನ್ನು ಈಗ ಬಳಕೆಯಲ್ಲಿರುವ ಚಿಕ್ಕ ರೂಪಕ್ಕೆ ತಂದರು. 1960ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಇಟಕುರ ಮತ್ತು ಸೈಟೊ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಿಷ್ಣು ಅಟಲ್ ಇಂಥ ಮುನ್ಸೂಚನೆಯನ್ನು ಮಾತಿಗೆ ಅನ್ವಯಿಸಿದರು. ಅಟಲ್ ಅದಕ್ಕೆ ಮೊದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಲ್ಲಿಯೇ ಕೆಲಕಾಲ ಪಾಠವನ್ನೂ ಹೇಳಿದವರು.

ಪುಸ್ತಕಗಳಲ್ಲಿ ಈ ವಿಧಾನ ಸಾಮಾನ್ಯವಾಗಿ ಮೂರು ಸೂತ್ರಗಳಾಗಿ ಬರುತ್ತದೆ. ಅವುಗಳಲ್ಲಿ ಒಂದು, ಹಳೆಯ ಗುಣಾಂಕಗಳನ್ನು ಹಿಂದುಮುಂದಾಗಿ ತಿರುಗಿಸಿ, ಒಂದು ಸಂಖ್ಯೆಯಿಂದ ಗುಣಿಸಿ, ಹಳೆಯವುಗಳಿಂದಲೇ ಕಳೆಯಿರಿ ಎನ್ನುತ್ತದೆ. ಕಲಿಯುವವರು ಸೂತ್ರ ನೋಡಿ ಲೆಕ್ಕ ಮಾಡಿಬಿಡಬಹುದು. ಆದರೆ "ಏಕೆ ತಿರುಗಿಸಬೇಕು?" ಎಂದು ಕೇಳಿದರೆ ಸೂತ್ರದಲ್ಲಿ ಉತ್ತರವಿಲ್ಲ. ಈ ಪ್ರಶ್ನೆಗೆ ಉತ್ತರ ಸಿಗುವಂತೆ, ಮೂರೇ ಸಂಖ್ಯೆಗಳ ಉದಾಹರಣೆಯಿಂದ ವಿಷಯ ಸೆಮಿನಾರಿಗೆ ನಾನು ಜೋಡಿಸಿಕೊಂಡ ಪಾಠವನ್ನು ಇಲ್ಲಿ ವಿವರಿಸಿದ್ದೇನೆ. ಬೇಕಾದ ಪೂರ್ವಜ್ಞಾನ ಎರಡೇ: ವರ್ಗ ಪೂರ್ಣಗೊಳಿಸುವ ವಿಧಾನ ಮತ್ತು ರೇಖಾತ್ಮಕ ಸಮೀಕರಣಗಳ ಜೋಡಿ. ಎರಡೂ ಪ್ರೌಢಶಾಲಾ ಮಟ್ಟದವು.

ಉದಾಹರಣೆ ಮತ್ತು ಸ್ವಸಹಸಂಬಂಧದ ಬೆಲೆಗಳು

ನಮ್ಮ ಸಂಕೇತ 1, 2, 1. ಇದರ ಹಿಂದೆಯೂ ಮುಂದೆಯೂ ಇರುವುದೆಲ್ಲ ಸೊನ್ನೆ.

ಸ್ವಸಹಸಂಬಂಧ ಎಂದರೆ ಸಾಲನ್ನು ಅದರದೇ ನಕಲಿನ ಮೇಲೆ ಇಟ್ಟು, ನಕಲನ್ನು ಒಂದೊಂದು ಮನೆ ಸರಿಸುತ್ತಾ, ಎದುರುಬದುರಾದ ಸಂಖ್ಯೆಗಳನ್ನು ಗುಣಿಸಿ ಕೂಡಿಸುವುದು. ಇದಕ್ಕೆ ಎರಡು ರಟ್ಟಿನ ಪಟ್ಟಿಗಳು ಸಾಕು. ಎರಡರ ಮೇಲೂ 1, 2, 1 ಎಂದು ಸಮಾನ ಮನೆಗಳಲ್ಲಿ ಬರೆದು, ಕೆಳಗಿನ ಪಟ್ಟಿಯನ್ನು ಸರಿಸಿ ತೋರಿಸಬಹುದು.

ಸರಿಸದಿದ್ದಾಗ: R(0) = 1·1 + 2·2 + 1·1 = 6
ಒಂದು ಮನೆ ಸರಿಸಿದಾಗ: R(1) = 2·1 + 1·2 = 4
ಎರಡು ಮನೆ ಸರಿಸಿದಾಗ: R(2) = 1·1 = 1
ಮೂರು ಮನೆ ಸರಿಸಿದಾಗ: R(3) = 0

ಇನ್ನು ಮುಂದಿನ ಲೆಕ್ಕಕ್ಕೆ 6, 4, 1, 0 ಎಂಬ ಈ ನಾಲ್ಕು ಬೆಲೆಗಳೇ ಸಾಕು. ಮೂಲ ಸಂಕೇತ ಬೇಕಾಗುವುದು ಉತ್ತರವನ್ನು ತಾಳೆ ನೋಡಲು ಮಾತ್ರ.

ಒಂದನೇ ದರ್ಜೆ

ಪ್ರತಿ ಸಂಖ್ಯೆಯನ್ನೂ ಅದರ ಹಿಂದಿನ ಸಂಖ್ಯೆಯ a ಪಟ್ಟು ಎಂದು ಊಹಿಸೋಣ. ನಿಜವಾದ ಸಂಖ್ಯೆಯಿಂದ ಊಹೆಯನ್ನು ಕಳೆದರೆ ಉಳಿಯುವುದು ದೋಷ. ಎಲ್ಲ ದೋಷಗಳ ವರ್ಗಗಳ ಮೊತ್ತ ಕನಿಷ್ಠವಾಗುವಂತೆ a ಯನ್ನು ಆರಿಸಬೇಕು. ಆ ಮೊತ್ತವನ್ನು ಬಿಡಿಸಿ ಬರೆದರೆ ಸಂಕೇತದ ವರ್ಗಗಳು R(0) ಆಗಿಯೂ ನೆರೆಹೊರೆಯ ಗುಣಲಬ್ಧಗಳು R(1) ಆಗಿಯೂ ಒಟ್ಟುಗೂಡುತ್ತವೆ:

ಮೊತ್ತ = R(0) − 2a·R(1) + a²·R(0) = 6a² − 8a + 6

ವರ್ಗ ಪೂರ್ಣಗೊಳಿಸಿದರೆ ಇದು 6(a − 2/3)² + 10/3 ಆಗುತ್ತದೆ. ಆದ್ದರಿಂದ a = 2/3 ಆದಾಗ ಮೊತ್ತ ಕನಿಷ್ಠ, ಮತ್ತು ಆ ಕನಿಷ್ಠ ಬೆಲೆ 10/3. ಇದನ್ನು E ಎನ್ನೋಣ. ಏನನ್ನೂ ಊಹಿಸದೆ ಇದ್ದಿದ್ದರೆ ಮೊತ್ತ 6 ಇರುತ್ತಿತ್ತು. ಹಿಂದಿನ ಒಂದು ಸಂಖ್ಯೆಯ ನೆರವಿನಿಂದ ಅದು 10/3ಕ್ಕೆ ಇಳಿಯಿತು.

ಇಲ್ಲಿ ನಿಂತು ತಾಳೆ ನೋಡುವುದು ಒಳ್ಳೆಯದು. ಮೊದಲ ಸಂಖ್ಯೆ 1ರ ಹಿಂದೆ ಸೊನ್ನೆ ಇರುವುದರಿಂದ ಊಹೆ 0, ದೋಷ 1. ಎರಡನೆಯದರಲ್ಲಿ ದೋಷ 2 − 2/3 = 4/3. ಮೂರನೆಯದರಲ್ಲಿ 1 − 4/3 = −1/3. ನಾಲ್ಕನೆಯ ಸ್ಥಾನದಲ್ಲಿ ಸಂಕೇತ ಸೊನ್ನೆಯಾಗಿದ್ದರೂ ಊಹೆ 2/3 ಬರುವುದರಿಂದ ದೋಷ −2/3. ವರ್ಗಗಳನ್ನು ಕೂಡಿಸಿದರೆ 1 + 16/9 + 1/9 + 4/9 = 30/9 = 10/3. ಕೊನೆಯ ಆ −2/3 ಅನ್ನು ಮಕ್ಕಳು ಮರೆಯುವ ಸಾಧ್ಯತೆ ಹೆಚ್ಚು. ಸಂಕೇತ ಮುಗಿದರೂ ಊಹೆ ಇನ್ನೂ ಮುಗಿದಿಲ್ಲ ಎಂಬುದನ್ನು ಹಲಗೆಯ ಮೇಲೆ ಒಂದು ಹೆಚ್ಚಿನ ಮನೆ ಬರೆದೇ ತೋರಿಸಬೇಕು.

ಎರಡನೇ ದರ್ಜೆ: ಇದ್ದದ್ದನ್ನು ಕೆಡಿಸದೆ ಬಾಕಿ ತೀರಿಸುವುದು

ಈಗ ಹಿಂದಿನ ಎರಡು ಸಂಖ್ಯೆಗಳನ್ನು ಬಳಸೋಣ. ಹತ್ತಿರದ್ದಕ್ಕೆ a1, ಅದರ ಹಿಂದಿನದಕ್ಕೆ a2. ದೋಷದ ವರ್ಗಗಳ ಮೊತ್ತವನ್ನು ಮೊದಲಿನಂತೆಯೇ ಬಿಡಿಸಿ, ಒಂದೊಂದು ಗುಣಾಂಕದ ಲೆಕ್ಕದಲ್ಲೂ ಕನಿಷ್ಠಗೊಳಿಸಿದರೆ ಎರಡು ಸಮೀಕರಣಗಳು ಸಿಗುತ್ತವೆ:

6a1 + 4a2 = 4
4a1 + 6a2 = 1

ಎಡಬದಿಯಲ್ಲಿ ಕರ್ಣದ ಉದ್ದಕ್ಕೂ R(0), ಅದರ ಪಕ್ಕದಲ್ಲಿ R(1). ಬಲಬದಿಯಲ್ಲಿ R(1), R(2). ಇದನ್ನು ವರ್ಜಿಸುವ ವಿಧಾನದಿಂದ ಹೊಸದಾಗಿ ಬಿಡಿಸಬಹುದು. ಆದರೆ ನಮ್ಮ ಕೈಯಲ್ಲಿ ಆಗಲೇ ಒಂದನೇ ದರ್ಜೆಯ ಉತ್ತರ 2/3 ಇದೆ. ಅದನ್ನು ಎಸೆಯದೆ ಬಳಸಬಹುದೇ?

ಹಳೆಯ ಉತ್ತರದ ಮುಂದೆ ಒಂದು ಸೊನ್ನೆ ಸೇರಿಸಿ (2/3, 0) ಎಂದು ಹಾಕಿ ನೋಡೋಣ. ಮೊದಲ ಸಮೀಕರಣದಲ್ಲಿ 6 × 2/3 = 4, ಸರಿಯಾಯಿತು. ಇದು ಆಕಸ್ಮಿಕವಲ್ಲ, ಮೊದಲ ಸಮೀಕರಣದಲ್ಲಿ a2 ಸೊನ್ನೆಯಾದರೆ ಉಳಿಯುವುದು ಒಂದನೇ ದರ್ಜೆಯ ಸಮೀಕರಣವೇ. ಎರಡನೆಯದರಲ್ಲಿ 4 × 2/3 = 8/3 ಬರುತ್ತದೆ, ಬರಬೇಕಾದ್ದು 1. ಬಾಕಿ 1 − 8/3 = −5/3.

ಹಾಗಾದರೆ ನಮಗೆ ಬೇಕಾದದ್ದು ಒಂದು ತಿದ್ದುಪಡಿ. ಅದು ಮೊದಲ ಸಮೀಕರಣವನ್ನು ಮುಟ್ಟಬಾರದು, ಎರಡನೆಯದನ್ನು ಮಾತ್ರ ಬದಲಿಸಬೇಕು. ತಿದ್ದುಪಡಿ (c, 1) ಎಂದಿರಲಿ. ಮೊದಲ ಸಮೀಕರಣಕ್ಕೆ ಅದು ಏನನ್ನೂ ಸೇರಿಸಬಾರದು ಎಂದರೆ 6c + 4 = 0, ಅಂದರೆ c = −2/3. ಇದು ನಮ್ಮ ಹಳೆಯ ಉತ್ತರವೇ, ಚಿಹ್ನೆ ಮಾತ್ರ ಬದಲಾಗಿದೆ.

ಈ ತಿದ್ದುಪಡಿ (−2/3, 1) ಎರಡನೇ ಸಮೀಕರಣಕ್ಕೆ ಎಷ್ಟು ಸೇರಿಸುತ್ತದೆ? 4 × (−2/3) + 6 = 10/3. ಇದು ಒಂದನೇ ದರ್ಜೆಯ E. ಬಾಕಿ ಇರುವುದು −5/3, ಒಂದು ಸಲ ಸೇರಿಸಿದರೆ ಸಿಗುವುದು 10/3. ಆದ್ದರಿಂದ ತಿದ್ದುಪಡಿಯನ್ನು k ಪಟ್ಟು ಸೇರಿಸಬೇಕು:

k = (−5/3) ÷ (10/3) = −1/2

ಹೊಸ ಉತ್ತರ: (2/3, 0) + (−1/2)(−2/3, 1) = (1, −1/2)

ಅಂದರೆ a1 = 1, a2 = −1/2. ಮೂಲ ಸಮೀಕರಣಗಳಲ್ಲಿ ಹಾಕಿದರೆ 6 − 2 = 4 ಮತ್ತು 4 − 3 = 1, ಎರಡೂ ಸರಿ. ಪುಸ್ತಕದಲ್ಲಿ k ಒಂದು ವ್ಯಾಖ್ಯೆಯಾಗಿ ಬರುತ್ತದೆ. ಇಲ್ಲಿ ಅದು ಬಾಕಿಯನ್ನು ತೀರಿಸಲು ಬೇಕಾದ ಪ್ರಮಾಣವಾಗಿ ತಾನೇ ಹುಟ್ಟಿತು. ಇದಕ್ಕೆ ಪ್ರತಿಫಲನ ಗುಣಾಂಕ ಎಂಬ ಹೆಸರಿದೆ.

ಮೂರನೇ ದರ್ಜೆ: ತಿರುಗಿಸುವುದು ಏಕೆ

ಎರಡನೇ ದರ್ಜೆಗೆ ಹೋಗುವಾಗ ಹಳೆಯ ಗುಣಾಂಕ ಒಂದೇ ಇತ್ತು. ಒಂದೇ ಸಂಖ್ಯೆಯನ್ನು ತಿರುಗಿಸಿದರೂ ಅದೇ. ಆದ್ದರಿಂದ ತಿರುಗಿಸುವುದು ಕಣ್ಣಿಗೆ ಬೀಳಬೇಕಾದರೆ ಉದಾಹರಣೆ ಮೂರನೇ ದರ್ಜೆಗೆ ಹೋಗಲೇಬೇಕು. ಸಮೀಕರಣಗಳು ಹೀಗಿವೆ:

6a1 + 4a2 + 1a3 = 4
4a1 + 6a2 + 4a3 = 1
1a1 + 4a2 + 6a3 = 0

ಹಳೆಯ ಉತ್ತರಕ್ಕೆ ಸೊನ್ನೆ ಸೇರಿಸಿ (1, −1/2, 0) ಹಾಕೋಣ. ಮೊದಲೆರಡು ಸಮೀಕರಣಗಳು ನಿರೀಕ್ಷೆಯಂತೆ ಸರಿ. ಮೂರನೆಯದರಲ್ಲಿ 1 − 2 = −1 ಬರುತ್ತದೆ, ಬರಬೇಕಾದ್ದು 0. ಬಾಕಿ +1.

ತಿದ್ದುಪಡಿ (c1, c2, 1) ಎಂದಿರಲಿ. ಅದು ಮೊದಲೆರಡು ಸಮೀಕರಣಗಳನ್ನು ಮುಟ್ಟಬಾರದು:

6c1 + 4c2 = −1
4c1 + 6c2 = −4

ಇದರ ಪಕ್ಕದಲ್ಲೇ ಎರಡನೇ ದರ್ಜೆಯ ಹಳೆಯ ಜೋಡಿಯನ್ನು ಹಲಗೆಯ ಮೇಲೆ ಬರೆದಿಡಬೇಕು. ಅಲ್ಲಿ ಬಲಬದಿ 4, 1. ಇಲ್ಲಿ −1, −4. ಅವೇ ಸಂಖ್ಯೆಗಳು ಕೆಳಮೇಲಾಗಿವೆ, ಚಿಹ್ನೆ ಬದಲಾಗಿದೆ. ಎಡಬದಿಯ ಕೋಷ್ಟಕ ಮಾತ್ರ ಅದೇ. ಈಗ ಹಳೆಯ ಜೋಡಿಯ ಎರಡು ಸಾಲುಗಳನ್ನು ಅದಲುಬದಲು ಮಾಡಿ, ಪ್ರತಿ ಸಾಲಿನ ಪದಗಳನ್ನೂ ಅದಲುಬದಲು ಮಾಡಿ ಬರೆಯೋಣ:

6a2 + 4a1 = 1
4a2 + 6a1 = 4

ಕೋಷ್ಟಕ ಬದಲಾಗಲೇ ಇಲ್ಲ. A1 ಇದ್ದಲ್ಲಿ a2, a2 ಇದ್ದಲ್ಲಿ a1 ಬಂತು ಅಷ್ಟೆ. ಇದನ್ನು ತಿದ್ದುಪಡಿಯ ಜೋಡಿಯೊಂದಿಗೆ ಹೋಲಿಸಿದರೆ c1 = −a2 = 1/2, c2 = −a1 = −1 ಎಂದು ಬಿಡಿಸದೆಯೇ ಸಿಗುತ್ತದೆ.

ನಾವು ಕೇಳಿದ ಪ್ರಶ್ನೆಗೆ ಉತ್ತರ ಇದೇ. ಸ್ವಸಹಸಂಬಂಧದ ಕೋಷ್ಟಕದಲ್ಲಿ ಪ್ರತಿ ಓರೆಸಾಲಿನಲ್ಲೂ ಒಂದೇ ಸಂಖ್ಯೆ ಇರುತ್ತದೆ, ಮತ್ತು ಕರ್ಣದ ಎರಡೂ ಬದಿ ಒಂದೇ ರೀತಿ ಇರುತ್ತದೆ. ಅಂಥ ಕೋಷ್ಟಕವನ್ನು ಮೇಲಿಂದ ಕೆಳಕ್ಕೂ ಎಡದಿಂದ ಬಲಕ್ಕೂ ತಿರುಗಿಸಿದರೆ ಮತ್ತೆ ಅದೇ ಕೋಷ್ಟಕ ಸಿಗುತ್ತದೆ. ಆದ್ದರಿಂದ ಬಲಬದಿಯನ್ನು ತಿರುಗಿಸಿದರೆ ಉತ್ತರವೂ ತಿರುಗುತ್ತದೆ. ಹೊಸ ದರ್ಜೆಗೆ ಬೇಕಾದ ತಿದ್ದುಪಡಿಯ ಬಲಬದಿ ಹಳೆಯ ಬಲಬದಿಯ ತಿರುಗುಮುರುಗು ರೂಪವೇ ಆಗಿರುವುದರಿಂದ, ತಿದ್ದುಪಡಿಯೂ ಹಳೆಯ ಉತ್ತರದ ತಿರುಗುಮುರುಗು ರೂಪವೇ. 3 × 3 ಕೋಷ್ಟಕವನ್ನು ಚೌಕಾಕಾರದ ರಟ್ಟಿನ ಮೇಲೆ ಬರೆದು ಅರ್ಧ ಸುತ್ತು ತಿರುಗಿಸಿ, ಯಾವ ಮನೆಯ ಸಂಖ್ಯೆ ಯಾವ ಮನೆಗೆ ಹೋಯಿತೆಂದು ತೋರಿಸಿದರೆ ಇದು ಮನಸ್ಸಿನಲ್ಲಿ ಉಳಿಯುತ್ತದೆ.

ಉಳಿದದ್ದು ಮೊದಲಿನಂತೆಯೇ. ತಿದ್ದುಪಡಿ (1/2, −1, 1) ಮೂರನೇ ಸಮೀಕರಣಕ್ಕೆ ಸೇರಿಸುವುದು 1/2 − 4 + 6 = 5/2. ಬಾಕಿ 1. ಆದ್ದರಿಂದ k = 1 ÷ 5/2 = 2/5.

ಹೊಸ ಉತ್ತರ: (1, −1/2, 0) + (2/5)(1/2, −1, 1) = (1.2, −0.9, 0.4)

ತಾಳೆ: 7.2 − 3.6 + 0.4 = 4. 4.8 − 5.4 + 1.6 = 1. 1.2 − 3.6 + 2.4 = 0. ಮೂರೂ ಸರಿ.

ನಿಯಮ ಮತ್ತು E

ಈಗ ಸೂತ್ರಗಳನ್ನು ಬರೆದರೆ ಅವು ನಾವು ಮಾಡಿದ ಕೆಲಸದ ಸಾರಾಂಶವಾಗಿ ಕಾಣುತ್ತವೆ. p ನೇ ದರ್ಜೆಗೆ ಏರುವಾಗ:

ಬಾಕಿ = R(p) − a1·R(p−1) − a2·R(p−2) − …
k = ಬಾಕಿ ÷ E
ಹೊಸ a(i) = ಹಳೆಯ a(i) − k × ಹಳೆಯ a(p−i); ಹೊಸ a(p) = k
ಹೊಸ E = ಹಳೆಯ E × (1 − k²)

ಕೊನೆಯ ಸಾಲಿನ ಬಗ್ಗೆ ಒಂದು ಮಾತು. ಕನಿಷ್ಠ ದೋಷಮೊತ್ತವನ್ನು ಯಾವ ದರ್ಜೆಯಲ್ಲೂ E = R(0) − a1·R(1) − a2·R(2) − … ಎಂದು ಬರೆಯಬಹುದು. ಇದರಲ್ಲಿ ಹೊಸ ಗುಣಾಂಕಗಳನ್ನು ಹಾಕಿದರೆ, ತಿರುಗಿದ ಭಾಗವೆಲ್ಲ ಒಟ್ಟುಗೂಡಿ ಮತ್ತೆ ಅದೇ ಬಾಕಿಯಾಗುತ್ತದೆ. ಹಾಗಾಗಿ ಹೊಸ E = ಹಳೆಯ E − k × ಬಾಕಿ. ಬಾಕಿ ಎಂದರೆ k × E ಆದ್ದರಿಂದ E(1 − k²) ಬರುತ್ತದೆ.

ನಮ್ಮ ಉದಾಹರಣೆಯಲ್ಲಿ E ಕ್ರಮವಾಗಿ 6, 10/3, 5/2, 21/10. ಮೂರನೇ ದರ್ಜೆಯದನ್ನು ಸಂಕೇತದ ಮೇಲೆಯೇ ತಾಳೆ ನೋಡೋಣ. ಒಂದೊಂದು ಸ್ಥಾನದ ದೋಷಗಳು 1, 0.8, −0.5, 0.2, 0.1, −0.4. ವರ್ಗಗಳು 1, 0.64, 0.25, 0.04, 0.01, 0.16. ಮೊತ್ತ 2.10. ಸ್ವಸಹಸಂಬಂಧದಿಂದ ಬಂದ ಸಂಖ್ಯೆಯೂ ನೇರವಾಗಿ ಎಣಿಸಿದ ಸಂಖ್ಯೆಯೂ ಒಂದೇ.

ಈ ವಿಧಾನದ ಉಳಿತಾಯ ಇರುವುದು ಹಳೆಯ ಉತ್ತರವನ್ನು ಮತ್ತೆ ಬಳಸುವುದರಲ್ಲಿ. p ಸಮೀಕರಣಗಳನ್ನು ವರ್ಜಿಸುವ ವಿಧಾನದಿಂದ ಬಿಡಿಸಲು ಸುಮಾರು p³/3 ಗುಣಾಕಾರಗಳು ಬೇಕು. ಇಲ್ಲಿ ಸುಮಾರು p² ಸಾಕು. ಎಂಟನೇ ದರ್ಜೆಗೆ ಅದು ಸುಮಾರು 170ರ ಬದಲು 64. ಸೆಕೆಂಡಿಗೆ 50 ತುಂಡು ಮಾತನ್ನು ಲೆಕ್ಕ ಹಾಕುವ ಯಂತ್ರಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ. ಜೊತೆಗೆ ಮೂರನೇ ದರ್ಜೆಗೆ ಹೋಗುವ ದಾರಿಯಲ್ಲಿ ಒಂದನೆಯ, ಎರಡನೆಯ ದರ್ಜೆಯ ಉತ್ತರಗಳೂ ಸಿಕ್ಕಿರುತ್ತವೆ. E ಇಳಿಯುವುದು ನಿಧಾನವಾದಾಗ, ಇನ್ನೂ ಮೇಲೆ ಹೋಗಬೇಕೇ ಎಂದು ಅಲ್ಲಿಯೇ ನಿರ್ಧರಿಸಬಹುದು.

ಎಲ್ಲಿ ತಪ್ಪುತ್ತದೆ, ಹೇಗೆ ತಿಳಿಯುತ್ತದೆ

ಮೊದಲನೆಯದು ಚಿಹ್ನೆ. ನಾವು ಊಹೆಯ ಗುಣಾಂಕಗಳನ್ನು ಬರೆದೆವು. ಕೆಲವು ಪುಸ್ತಕಗಳು ದೋಷದ ಗುಣಾಂಕಗಳನ್ನು ಬರೆಯುತ್ತವೆ, ಅಂದರೆ ಮೊದಲು 1, ಆಮೇಲೆ ನಮ್ಮ ಗುಣಾಂಕಗಳು ಚಿಹ್ನೆ ಬದಲಾಗಿ. ಮ್ಯಾಟ್‌ಲ್ಯಾಬ್‌ನಲ್ಲಿ `levinson([6 4 1 0],3)` ಎಂದು ಕೊಟ್ಟರೆ 1, −1.2, 0.9, −0.4 ಬರುತ್ತದೆ. ಎರಡು ಪುಸ್ತಕಗಳ ಸೂತ್ರಗಳನ್ನು ಬೆರೆಸಿದರೆ ಉತ್ತರ ಕೆಡುತ್ತದೆ. ಇದಕ್ಕೆ ಸುಲಭ ಪರೀಕ್ಷೆ ಒಂದನೇ ದರ್ಜೆ: R(1) ಧನವಾಗಿದ್ದರೆ ಊಹೆಯ ಗುಣಾಂಕವೂ ಧನವೇ ಇರಬೇಕು.

ಎರಡನೆಯದು ಹಳೆಯ ಬೆಲೆಯ ಮೇಲೆಯೇ ಹೊಸದನ್ನು ಬರೆದುಬಿಡುವುದು. ಮೂರನೇ ದರ್ಜೆಗೆ ಹೋಗುವಾಗ ಮೊದಲು a1 ಅನ್ನು 1.2 ಎಂದು ತಿದ್ದಿ, ಆ 1.2 ರಿಂದಲೇ a2 ಅನ್ನು ತಿದ್ದಿದರೆ −0.5 − 0.4 × 1.2 = −0.98 ಬರುತ್ತದೆ. ಬರಬೇಕಾದ್ದು −0.9. ಈ ತಪ್ಪಿನಲ್ಲಿ ಮೋಸವೇನೆಂದರೆ k ಮತ್ತು E ಎರಡೂ ಸರಿಯಾಗಿಯೇ ಇರುತ್ತವೆ, ಏಕೆಂದರೆ ಆ ಹಂತದಲ್ಲಿ ಅವು ಹಳೆಯ ಗುಣಾಂಕಗಳಿಂದ ಬಂದವು. E ನೋಡಿ ತಪ್ಪು ಹಿಡಿಯಲಾಗದು. ಮೊದಲ ಸಮೀಕರಣದಲ್ಲಿ ಹಾಕಿ ನೋಡಿದರೆ 7.2 − 3.92 + 0.4 = 3.68 ಬಂದು, 4 ಅಲ್ಲವೆಂದು ತಿಳಿಯುತ್ತದೆ. ಎರಡನೇ ದರ್ಜೆಯವರೆಗೆ ಮಾತ್ರ ಪರೀಕ್ಷಿಸಿದ ಪ್ರೋಗ್ರಾಮಿನಲ್ಲಿ ಈ ತಪ್ಪು ಕಾಣಿಸಿಕೊಳ್ಳುವುದೇ ಇಲ್ಲ. ಕೆಳಗಿನ ಪೈಥಾನ್ ಸಾಲುಗಳಲ್ಲಿ ಹೊಸ ಪಟ್ಟಿಯನ್ನು ಪೂರ್ತಿ ಕಟ್ಟಿದ ಮೇಲೆಯೇ `a` ಎಂಬ ಹೆಸರು ಅದಕ್ಕೆ ಹೋಗುವುದರಿಂದ ಈ ತೊಂದರೆ ಇಲ್ಲ:

```
R = [6, 4, 1, 0]
a, E = [], R[0]
for p in range(1, 4):
    s = R[p] - sum(a[i]*R[p-1-i] for i in range(p-1))
    k = s / E
    a = [a[i] - k*a[p-2-i] for i in range(p-1)] + [k]
    E = E * (1 - k*k)
    print(p, k, a, E)
```

ಮೂರನೆಯದು ಹೆಚ್ಚು ಆಳದ್ದು. R(0)ದಲ್ಲಿ ಮೂರು ಗುಣಲಬ್ಧಗಳಿವೆ, R(1)ರಲ್ಲಿ ಎರಡು, R(2)ರಲ್ಲಿ ಒಂದು. "ಸರಾಸರಿ ಎಂದರೆ ಎಷ್ಟು ಪದಗಳಿವೆಯೋ ಅಷ್ಟರಿಂದ ಭಾಗಿಸಬೇಕಲ್ಲವೇ?" ಎಂದು ಒಬ್ಬ ಚುರುಕಾದ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಪ್ರಶ್ನೆ ನ್ಯಾಯವಾದದ್ದು. ಹಾಗೆಯೇ ಮಾಡಿ ನೋಡೋಣ: 6/3 = 2, 4/2 = 2, 1/1 = 1. ಈಗ k = 2/2 = 1, E = 2 × (1 − 1) = 0. ಮುಂದಿನ ಹಂತದಲ್ಲಿ ಸೊನ್ನೆಯಿಂದ ಭಾಗಿಸಬೇಕಾಗಿ ಲೆಕ್ಕ ಅಲ್ಲೇ ನಿಲ್ಲುತ್ತದೆ.

E ಸೊನ್ನೆ ಎಂದರೆ ಊಹೆ ಎಲ್ಲೂ ತಪ್ಪಲಿಲ್ಲ ಎಂದರ್ಥ. ಆದರೆ 1, 2, 1 ಎಂಬ ಸಾಲಿನಲ್ಲಿ ಪ್ರತಿ ಸಂಖ್ಯೆಯೂ ಹಿಂದಿನದಕ್ಕೆ ಸಮ ಎಂದು ಯಾರೂ ಹೇಳಲಾರರು. ಇಂಥ ಅಸಂಬದ್ಧ ಬಂದದ್ದು ಒಂದೊಂದು R ಅನ್ನು ಒಂದೊಂದು ಸಂಖ್ಯೆಯಿಂದ ಭಾಗಿಸಿದ್ದರಿಂದ. ಎಲ್ಲವನ್ನೂ ಒಂದೇ ಸಂಖ್ಯೆಯಿಂದ, ಉದಾಹರಣೆಗೆ 3 ರಿಂದ, ಭಾಗಿಸಿದರೆ k ಗಳು ಬದಲಾಗುವುದಿಲ್ಲ, ಏನೂ ಕೆಡುವುದಿಲ್ಲ. ಸಾಲನ್ನು ಸೊನ್ನೆಗಳ ನಡುವೆ ಇಟ್ಟು ಪೂರ್ತಿ ಮೊತ್ತ ತೆಗೆದಾಗ E ಎಂಬುದು ನಿಜವಾದ ದೋಷಗಳ ವರ್ಗಗಳ ಮೊತ್ತ. ಅದರಲ್ಲಿ ಮೊದಲ ಸಂಖ್ಯೆಯ ದೋಷ ಸದಾ ಇದ್ದೇ ಇರುತ್ತದೆ, ಏಕೆಂದರೆ ಅದರ ಹಿಂದೆ ಸೊನ್ನೆಗಳು ಮಾತ್ರ ಇವೆ. ಸೊನ್ನೆಗಳಿಂದ ಅದನ್ನು ಊಹಿಸಲು ಸಾಧ್ಯವಿಲ್ಲ. ಆದ್ದರಿಂದ E ಎಂದೂ ಸೊನ್ನೆಯಾಗದು, 1 − k² ಸದಾ ಧನ, ಅಂದರೆ k ಸದಾ −1 ಮತ್ತು 1ರ ನಡುವೆ. ಬೇರೆಬೇರೆ ಸಂಖ್ಯೆಗಳಿಂದ ಭಾಗಿಸಿದಾಗ ಈ ಭರವಸೆ ಹೋಗುತ್ತದೆ.

ಇದು ಕಾಗದದ ಮೇಲಿನ ನಿಯಮ ಮಾತ್ರವಲ್ಲ. ಕೇಳುವವರ ಫೋನು ಅದೇ ಗುಣಾಂಕಗಳಿಂದ ಮಾತನ್ನು ಮರಳಿ ಕಟ್ಟುತ್ತದೆ: ಹಿಂದಿನ ಸಂಖ್ಯೆಗಳಿಂದ ಊಹೆ ಮಾಡಿ, ಬಂದ ದೋಷವನ್ನು ಅದಕ್ಕೆ ಸೇರಿಸುತ್ತದೆ. ಎಲ್ಲ k ಗಳೂ −1 ಮತ್ತು 1ರ ನಡುವೆ ಇದ್ದರೆ, ಒಳಗೆ ಬಂದ ಒಂದು ಸಣ್ಣ ತಟ್ಟು ಕ್ರಮೇಣ ಅಡಗುತ್ತದೆ. ಇಲ್ಲದಿದ್ದರೆ ಅದು ಅಡಗದೆ ಉಳಿಯಬಹುದು, ಬೆಳೆಯುತ್ತಲೂ ಹೋಗಬಹುದು. ಜಿಎಸ್ಎಂ ಪದ್ಧತಿಯಲ್ಲಿ a ಗಳ ಬದಲು k ಗಳಿಂದ ಪಡೆದ ಬೆಲೆಗಳನ್ನೇ ಕಳಿಸುತ್ತಾರೆ. K ಒಂದೊಂದಾಗಿ ಈ ಮಿತಿಯೊಳಗೆ ಇದೆಯೇ ಎಂದು ನೋಡಿದರೆ ಸಾಕು, a ಗಳನ್ನು ಕಂಡು ಇದನ್ನು ಹೇಳಲಾಗದು. ನಮ್ಮ ಉತ್ತರದಲ್ಲೇ a1 = 1.2 ಒಂದಕ್ಕಿಂತ ಹೆಚ್ಚಿದೆ, ಆದರೂ ತೊಂದರೆ ಇಲ್ಲ.

ವಿಧಾನದ ಮಿತಿಯೂ ಇದೇ ವಿವರಣೆಯಲ್ಲಿ ಅಡಗಿದೆ. ಸೊನ್ನೆಗಳನ್ನು ಸೇರಿಸದೆ, ಸಾಲಿನ ಒಳಗೆ ಮಾತ್ರ ದೋಷ ಎಣಿಸುವ ಇನ್ನೊಂದು ಪದ್ಧತಿ ಇದೆ. ಅಲ್ಲಿನ ಕೋಷ್ಟಕದಲ್ಲಿ ಓರೆಸಾಲಿನ ಸಂಖ್ಯೆಗಳು ಸಾಮಾನ್ಯವಾಗಿ ಒಂದೇ ಆಗಿರುವುದಿಲ್ಲ. ಅರ್ಧ ಸುತ್ತು ತಿರುಗಿಸಿದರೆ ಅದೇ ಕೋಷ್ಟಕ ಬಾರದು. ಹಾಗಾಗಿ ತಿರುಗಿಸಿದ ಉತ್ತರ ತಿದ್ದುಪಡಿಯಾಗದು, ಈ ನಿಯಮವನ್ನು ಅಲ್ಲಿ ಬಳಸುವಂತಿಲ್ಲ.

ಮೌಲ್ಯಮಾಪನಕ್ಕೆ

ಇದೇ ಉದಾಹರಣೆಯನ್ನು R(4) = 0 ಎಂದಿಟ್ಟು ನಾಲ್ಕನೇ ದರ್ಜೆಗೆ ಏರಿಸಲು ಹೇಳಬಹುದು. ಬಾಕಿ 0 − 0 + 0.9 − 1.6 = −0.7, k = −0.7 ÷ 2.1 = −1/3. ಗುಣಾಂಕಗಳು 4/3, −1.2, 0.8, −1/3. ನಡುವಿನ a2 ತನ್ನಷ್ಟಕ್ಕೇ ಎದುರಾಗುವುದರಿಂದ ಅದನ್ನು 1 − k ಯಿಂದ ಗುಣಿಸಿದಂತಾಗುತ್ತದೆ: −0.9 × 4/3. ತಿರುಗಿಸುವುದನ್ನು ಅರ್ಥ ಮಾಡಿಕೊಂಡವರು ಇಲ್ಲಿ ತಡವರಿಸುವುದಿಲ್ಲ.

ಆಮೇಲೆ k ಗಳನ್ನು 2/3, −2/4, 2/5, −2/6 ಎಂದೂ, E ಗಳನ್ನು 12/2, 20/6, 30/12, 42/20, 56/30 ಎಂದೂ ಸಾಲಾಗಿ ಬರೆಸಿ. ವಿನ್ಯಾಸ ತಾನೇ ಕಾಣುತ್ತದೆ: p ನೇ ದರ್ಜೆಯಲ್ಲಿ E = (p+3)(p+4) ÷ (p+1)(p+2). ದರ್ಜೆ ಎಷ್ಟೇ ಏರಿಸಿದರೂ ಇದು 1ರ ಹತ್ತಿರ ಹೋಗುತ್ತದೆಯೇ ಹೊರತು ಅದಕ್ಕಿಂತ ಕೆಳಗಿಳಿಯುವುದಿಲ್ಲ. ಏಕೆ ಎಂದು ಕೇಳಿ. ಉತ್ತರ ಸಂಕೇತದ ಮೊದಲ ಮನೆಯಲ್ಲಿದೆ: ಹಿಂದೆ ಸೊನ್ನೆಗಳು ಮಾತ್ರ ಇರುವ ಆ 1ನ್ನು ಯಾವ ದರ್ಜೆಯ ಮುನ್ಸೂಚನೆಯೂ ಊಹಿಸಲಾರದು, ಅದರ ದೋಷದ ವರ್ಗ 1 ಕೊನೆಯವರೆಗೂ ಉಳಿಯುತ್ತದೆ.